ಹೊಸಬರ ಮೊದಲ ಹತ್ತು ಕಾರ್ಡ್: ಚರಿತ್ರೆಯೇ ಇಲ್ಲದ ಡೇಟಿಂಗ್ ಆಪ್‌ನಲ್ಲಿ ಯಾರಿಗೆ ಯಾರನ್ನು ತೋರಿಸುವುದು?

ಪ್ರಶ್ನೆ: ಬೆಂಗಳೂರಿನಲ್ಲಿ ನಾವು ಐದು ಜನ ಸೇರಿ ಒಂದು ಡೇಟಿಂಗ್ ಆಪ್ ಶುರು ಮಾಡಿದ್ದೇವೆ. ಆರು ಸಾವಿರ ಜನ ನೋಂದಾಯಿಸಿದ್ದಾರೆ, ಆದರೆ ಯಾರ ಲೈಕ್ ಚರಿತ್ರೆಯೂ ನಮ್ಮ ಹತ್ತಿರ ಇಲ್ಲ. ಸದ್ಯಕ್ಕೆ ಮನಸ್ಸಿಗೆ ಬಂದ ಹಾಗೆ ಕಲಸಿ ತೋರಿಸುತ್ತಿದ್ದೇವೆ. ಎರಡು ಮೂರು ದಿನಕ್ಕೆ ಜನ ಆಪ್ ತೆಗೆದುಹಾಕುತ್ತಿದ್ದಾರೆ. ಈ ಕೋಲ್ಡ್ ಸ್ಟಾರ್ಟ್‌ಗೆ ಯಾವ ಅಲ್ಗಾರಿದಂ ಹಾಕಬೇಕು?

ಉತ್ತರ: ಅಲ್ಗಾರಿದಂ ಆಮೇಲೆ. ಮೊದಲು ಕಾಗದದ ಮೇಲೆ ಒಂದು ಲೆಕ್ಕ ಹಾಕಿ. ಆರು ಸಾವಿರದಲ್ಲಿ 4500 ಗಂಡಸರು, 1500 ಹೆಂಗಸರು ಎಂದಿಟ್ಟುಕೊಳ್ಳೋಣ. ಜಯನಗರದ 28 ವರ್ಷದ ಒಬ್ಬ ಹುಡುಗ ಆಪ್ ತೆರೆಯುತ್ತಾನೆ. ಅವನು ಕೇಳಿದ ವಯಸ್ಸಿನೊಳಗೆ ಬರುವ ಹೆಂಗಸರು ನೂರಕ್ಕೆ 40 ಎಂದರೆ 600 ಉಳಿದರು. ಅವರಲ್ಲಿ ಅವನಿಗೆ ಹೋಗಿಬರಲು ಆಗುವಷ್ಟು ದೂರದಲ್ಲಿರುವವರು ನೂರಕ್ಕೆ 45, ಅಂದರೆ 270. ಕಳೆದ ಏಳು ದಿನದಲ್ಲಿ ಒಮ್ಮೆಯಾದರೂ ಆಪ್ ತೆರೆದವರು ನೂರಕ್ಕೆ 35, ಅಂದರೆ ಸುಮಾರು 94. ಇವನ ವಯಸ್ಸು ಮತ್ತು ಉದ್ದೇಶ ಆ ಕಡೆಯವರ ಬೇಡಿಕೆಗೂ ಹೊಂದಬೇಕಲ್ಲ, ಅದು ಅರ್ಧ ಎಂದರೆ ಕೊನೆಗೆ ಉಳಿದದ್ದು 47 ಜನ. ದಿನಕ್ಕೆ 20 ಕಾರ್ಡ್ ತೋರಿಸಿದರೆ ಮೂರನೇ ದಿನ ಏಳು ಕಾರ್ಡಿಗೇ ಪರದೆ ಖಾಲಿ. ನಿಮ್ಮ ಬಳಕೆದಾರರು ಹೊರಟುಹೋಗುವುದೂ ಸರಿಯಾಗಿ ಅದೇ ಹೊತ್ತಿಗೆ ಎಂಬುದನ್ನು ಗಮನಿಸಿ.

ಈ ಶೇಕಡಾವಾರುಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ನಿಮ್ಮವನ್ನು ನಿಮ್ಮ ಡೇಟಾಬೇಸ್‌ನಿಂದ ತೆಗೆಯಿರಿ. ಒಬ್ಬೊಬ್ಬ ಹೊಸಬರಿಗೂ ಈ ಕೊನೆಯ ಸಂಖ್ಯೆ ಎಷ್ಟು ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅದು 50ಕ್ಕಿಂತ ಕೆಳಗಿದ್ದರೆ ಎಂಥ ಅಲ್ಗಾರಿದಂ ಹಾಕಿದರೂ ಇದ್ದ 47 ಜನರ ಸಾಲನ್ನು ಹಿಂದುಮುಂದು ಮಾಡಬಹುದು, ಅಷ್ಟೇ. ಟಿಂಡರ್ 2012ರಲ್ಲಿ ಹೊರಟಾಗ ಇಡೀ ಅಮೆರಿಕಕ್ಕೆ ಕೈಹಾಕದೆ ಕಾಲೇಜು ಕ್ಯಾಂಪಸ್‌ಗಳ ಪಾರ್ಟಿಗಳಿಂದ ಜನ ಸೇರಿಸಿದ್ದು ಇದೇ ಕಾರಣಕ್ಕೆ: ಕಡಿಮೆ ಜನ ಇದ್ದರೂ ಒಂದೇ ಜಾಗ, ಒಂದೇ ವಯಸ್ಸು. ಬೆಂಗಳೂರಿನಲ್ಲಿ ಕಿಲೋಮೀಟರ್ ವೃತ್ತ ಎಳೆಯುವುದೂ ಮೋಸ. ಜಯನಗರದವರಿಗೆ ವೈಟ್‌ಫೀಲ್ಡ್ ನಕ್ಷೆಯಲ್ಲಿ ಹತ್ತಿರವೇ, ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್‌ನಲ್ಲಿ ನಿಂತಾಗ ಬೇರೆ ಊರು. ನಗರವನ್ನು ಐದಾರು ವಲಯಗಳಾಗಿ ಒಡೆದು, ಯಾವ ವಲಯದಿಂದ ಯಾವ ವಲಯಕ್ಕೆ ಜನ ನಿಜವಾಗಿ ಹೋಗಿಬರುತ್ತಾರೆ ಎಂಬ ಚಿಕ್ಕ ಕೋಷ್ಟಕ ಮಾಡಿಕೊಳ್ಳಿ. ಮೊದಲು ಒಂದೆರಡು ವಲಯ ತುಂಬಿಸಿ, ಉಳಿದವರನ್ನು ಕಾಯುವ ಪಟ್ಟಿಯಲ್ಲಿಡಿ.

ಇನ್ನು ಸಾಲು ಹಚ್ಚುವ ವಿಷಯ. ಸಿನಿಮಾ ಅಥವಾ ಅಂಗಡಿ ಆಪ್‌ಗಳಲ್ಲಿ ಹೊಸಬರಿಗೆ ಹೆಚ್ಚು ಜನ ಮೆಚ್ಚಿದ್ದನ್ನು ತೋರಿಸಿ ಕೈತೊಳೆದುಕೊಳ್ಳಬಹುದು. ಸಿನಿಮಾ ಯಾವತ್ತೂ ನೋಡುವವರನ್ನು ಒಲ್ಲೆ ಎನ್ನುವುದಿಲ್ಲ, ಲಕ್ಷ ಜನ ನೋಡಿದರೂ ಸುಸ್ತಾಗುವುದಿಲ್ಲ. ಇಲ್ಲಿ ಕಾರ್ಡಿನ ಆಚೆ ಇರುವವರಿಗೂ ಆಯ್ಕೆ ಇದೆ. ಎಲ್ಲರಿಗೂ ಅದೇ ಮೂವತ್ತು ಸುಂದರ ಮುಖಗಳನ್ನು ತೋರಿಸಿದರೆ ಲೈಕ್ ಸಂಖ್ಯೆ ಮೇಲೇರುತ್ತದೆ, ನಿಮಗೆ ಖುಷಿಯೂ ಆಗುತ್ತದೆ. ಆದರೆ ಆ ಮೂವತ್ತು ಜನರ ಪೆಟ್ಟಿಗೆಯಲ್ಲಿ ನೂರಾರು ಲೈಕ್ ಕೊಳೆಯುತ್ತವೆ, ಉಳಿದವರಿಗೆ ಒಂದೂ ಬರುವುದಿಲ್ಲ, ಮ್ಯಾಚ್ ಆಗುವುದಿಲ್ಲ.

ಹಾಗಾಗಿ ಲೆಕ್ಕಕ್ಕೆ ಬೇಕಾದದ್ದು ಎರಡು ಸಂಭವನೀಯತೆ: ಇವನು ಅವಳನ್ನು ಲೈಕ್ ಮಾಡುವುದು, ಅವಳು ಇವನನ್ನು ಲೈಕ್ ಮಾಡುವುದು. ಎರಡನ್ನೂ ಗುಣಿಸಬೇಕು, ಸರಾಸರಿ ತೆಗೆಯಬಾರದು. ಒಂದು ಜೋಡಿಯಲ್ಲಿ ಇವನ ಕಡೆಯಿಂದ 0.80, ಅವಳ ಕಡೆಯಿಂದ 0.02. ಇನ್ನೊಂದು ಜೋಡಿಯಲ್ಲಿ 0.40 ಮತ್ತು 0.15. ಸರಾಸರಿ ತೆಗೆದರೆ ಮೊದಲನೆಯದು 0.41, ಎರಡನೆಯದು 0.275, ಮೊದಲನೆಯದೇ ಗೆದ್ದಿತು. ಗುಣಿಸಿದರೆ ಮೊದಲನೆಯದು 0.016, ಎರಡನೆಯದು 0.06. ಮ್ಯಾಚ್ ಆಗುವ ಸಾಧ್ಯತೆ ಎರಡನೆಯ ಜೋಡಿಯಲ್ಲಿ ಸುಮಾರು ನಾಲ್ಕು ಪಟ್ಟು. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಆನ್‌ಲೈನ್ ಡೇಟಿಂಗ್‌ಗೆಂದು ಮಾಡಿದ ರೆಕಾನ್ ಎಂಬ ವ್ಯವಸ್ಥೆ ಹಾರ್ಮೋನಿಕ್ ಸರಾಸರಿ ಬಳಸಿತು; ಅದೂ ಎರಡರಲ್ಲಿ ಚಿಕ್ಕ ಸಂಖ್ಯೆಯ ಕಡೆಗೇ ವಾಲುತ್ತದೆ. ಯಾವುದನ್ನು ಬಳಸಿದರೂ ಒಪ್ಪಿಗೆಯೇ, ಮಾಮೂಲಿ ಸರಾಸರಿ ಮಾತ್ರ ಬೇಡ.

ಲೈಕ್‌ಗಳೇ ಇಲ್ಲದಾಗ ಈ ಸಂಭವನೀಯತೆ ಎಲ್ಲಿಂದ ಬರಬೇಕು? ನೋಂದಣಿ ಹೊತ್ತಿನ ಪ್ರಶ್ನೆಗಳಿಂದ. ಓಕೆಕ್ಯುಪಿಡ್ ತಾಣದ ಹಳೆಯ ವಿಧಾನ ಇಲ್ಲಿ ಇವತ್ತಿಗೂ ಪಾಠ. ಪ್ರತಿ ಪ್ರಶ್ನೆಗೂ ಮೂರು ಉತ್ತರ ಕೇಳುತ್ತಿದ್ದರು: ನಿಮ್ಮ ಉತ್ತರ ಏನು, ಎದುರಿನವರಿಂದ ಯಾವ ಉತ್ತರ ಒಪ್ಪುತ್ತೀರಿ, ಇದು ನಿಮಗೆ ಎಷ್ಟು ಮುಖ್ಯ. ಎದುರಿನವರ ಉತ್ತರಗಳು ಒಬ್ಬೊಬ್ಬರಿಗೂ ಎಷ್ಟು ಪಾಲು ಒಪ್ಪಿದವು ಎಂಬ ಎರಡು ಅಂಕಗಳನ್ನು ಗುಣಿಸಿ ವರ್ಗಮೂಲ ತೆಗೆಯುತ್ತಿದ್ದರು. ನಿಮಗೆ ಮುಖ್ಯವಾದದ್ದು ಅದಕ್ಕಿಂತ ಮುಂದಿನ ಹೆಜ್ಜೆ. ಇಬ್ಬರೂ ಉತ್ತರಿಸಿದ ಪ್ರಶ್ನೆಗಳು `n` ಇದ್ದರೆ ಬಂದ ಅಂಕದಿಂದ `1/n` ಕಳೆಯುತ್ತಿದ್ದರು. ಎರಡೇ ಪ್ರಶ್ನೆ ಸಮಾನವಾಗಿದ್ದು ಎರಡೂ ಹೊಂದಿದರೂ ಅಂಕ ನೂರಕ್ಕೆ 50 ದಾಟದು; ಹತ್ತು ಪ್ರಶ್ನೆಗೆ 90. ಗೊತ್ತಿರುವುದು ಕಡಿಮೆ ಇದ್ದಾಗ ಜಂಬ ಕೊಚ್ಚಬಾರದು ಎಂಬುದನ್ನು ಸೂತ್ರದೊಳಗೇ ಕಟ್ಟಿದ್ದರು.

ನೀವು ಹತ್ತು ಪ್ರಶ್ನೆ ಕೇಳಹೋಗಬೇಡಿ, ನೋಂದಣಿ ಅರ್ಧಕ್ಕೇ ಬಿಡುತ್ತಾರೆ. ಐದು ಸಾಕು: ವಲಯ, ವಯಸ್ಸಿನ ಮಿತಿ, ಉದ್ದೇಶ (ಮದುವೆಯತ್ತಲೋ, ಸುಮ್ಮನೆ ಪರಿಚಯವೋ), ಆರಾಮಾಗಿ ಮಾತಾಡುವ ಭಾಷೆ, ಮತ್ತು ಊಟ-ಸಿಗರೇಟು-ಕುಡಿತದ ಒಂದು ಸಾಲು. ಇದರಲ್ಲಿ ವಲಯ, ವಯಸ್ಸು, ಉದ್ದೇಶ ಎರಡೂ ಕಡೆಯಿಂದ ಕಡ್ಡಾಯ ಜರಡಿ. ಭಾಷೆ, ಊಟ ಅಂಕ ಹೆಚ್ಚುಕಡಿಮೆ ಮಾಡಲಿ, ಬಾಗಿಲು ಮುಚ್ಚದಿರಲಿ. 47 ಜನರಲ್ಲಿ ಮತ್ತೆ ಜರಡಿ ಹಿಡಿದರೆ ಏನೂ ಉಳಿಯದು. ಜಾತಿ ಕೇಳಬೇಡಿ ಎಂಬುದು ನನ್ನ ಅಭಿಪ್ರಾಯ, ಅದಕ್ಕೆ ಮ್ಯಾಟ್ರಿಮೊನಿ ತಾಣಗಳಿವೆ. ಕೇಳದಿದ್ದರೂ ಅಡ್ಡಹೆಸರನ್ನು ಮಾಡೆಲ್‌ಗೆ ಕೊಟ್ಟರೆ ಅದು ತಾನಾಗಿ ಕಲಿತುಬಿಡುತ್ತದೆ, ಆದ್ದರಿಂದ ಹೆಸರಿನ ಕಾಲಂ ಅನ್ನು ಸಾಲು ಹಚ್ಚುವ ಲೆಕ್ಕದಿಂದ ಹೊರಗಿಡಿ.

ಇನ್ನು ನಾಲ್ಕಾರು ಲೈಕ್ ಬರತೊಡಗಿದ ಮೇಲಿನ ಸ್ಥಿತಿ. ಹೆಚ್ಚಿನ ತಂಡಗಳು ಎಡವುವುದು ಇಲ್ಲಿ. ಒಂದು ಪ್ರೊಫೈಲನ್ನು ನಾಲ್ಕು ಜನ ನೋಡಿ ಮೂವರು ಲೈಕ್ ಮಾಡಿದರು: ನೂರಕ್ಕೆ 75. ಇನ್ನೊಂದನ್ನು 200 ಜನ ನೋಡಿ 60 ಜನ ಲೈಕ್ ಮಾಡಿದರು: ನೂರಕ್ಕೆ 30. ಮೊದಲನೆಯದು ಮೇಲೇ? ನಾಲ್ಕು ಜನರ ಮಾತು ನಂಬುವಂಥದ್ದಲ್ಲ. ಆದ್ದರಿಂದ ಪ್ರತಿ ಪ್ರೊಫೈಲಿಗೂ ಕೆಲವು ಕಾಲ್ಪನಿಕ ನೋಟಗಳನ್ನು ಮೊದಲೇ ಸೇರಿಸಿಡಬೇಕು. ಹೆಂಗಸರು ಗಂಡಸರ ಕಾರ್ಡ್ ನೋಡಿದಾಗಿನ ಸರಾಸರಿ ಲೈಕ್ ದರ `m = 0.12`, ಕಾಲ್ಪನಿಕ ನೋಟ `k = 20` ಎಂದಿಟ್ಟುಕೊಂಡರೆ:

```
(likes + k*m) / (views + k)

(3  + 2.4) / (4   + 20) = 0.225
(60 + 2.4) / (200 + 20) = 0.284
(0  + 2.4) / (0   + 20) = 0.12
```

75 ಇದ್ದದ್ದು 22.5ಕ್ಕೆ ಇಳಿಯಿತು, 30 ಇದ್ದದ್ದು 28.4ರಲ್ಲಿ ನಿಂತಿತು, ಏನೂ ಇಲ್ಲದವನಿಗೆ ಸರಾಸರಿ ದರ ಸಿಕ್ಕಿತು. `m` ಅನ್ನು ಗಂಡಸರಿಗೂ ಹೆಂಗಸರಿಗೂ ಒಂದೇ ಇಡಬೇಡಿ. ಗಂಡಸರು ಹೆಂಗಸರಿಗಿಂತ ಬಹಳ ಧಾರಾಳವಾಗಿ ಲೈಕ್ ಮಾಡುತ್ತಾರೆ. ಎರಡನ್ನೂ ಕಲಸಿದರೆ ಎರಡೂ ಕಡೆಯ ಅಂದಾಜು ಕೆಡುತ್ತದೆ.

ಇದೇ ಸೂತ್ರ ಹೊಸಬರ ಅಭಿರುಚಿ ಕಲಿಯಲೂ ಬರುತ್ತದೆ. ಒಬ್ಬಳು ಹೊಸದಾಗಿ ಬಂದು ಹತ್ತು ಕಾರ್ಡ್ ನೋಡಿದಳು. ಕನ್ನಡ ಮಾತಾಡುವ ನಾಲ್ವರಲ್ಲಿ ಇಬ್ಬರನ್ನು, ಉಳಿದ ಆರರಲ್ಲಿ ಒಬ್ಬನನ್ನು ಲೈಕ್ ಮಾಡಿದಳು. ಮೇಲ್ನೋಟಕ್ಕೆ 50ಕ್ಕೆ 17, ಮೂರು ಪಟ್ಟು ವ್ಯತ್ಯಾಸ. `k = 10` ಇಟ್ಟು ಲೆಕ್ಕ ಹಾಕಿದರೆ 0.23ಕ್ಕೆ 0.14 ಸುಮಾರು, ವ್ಯತ್ಯಾಸ ಎರಡು ಪಟ್ಟೂ ಇಲ್ಲ. ಮುಂದಿನ ಹತ್ತರಲ್ಲಿ ಕನ್ನಡದವರು ಸ್ವಲ್ಪ ಹೆಚ್ಚಲಿ, ಎಲ್ಲರೂ ಅವರೇ ಆಗಬಾರದು. ಮೊದಲ ದಿನದ ಮೂರು ಲೈಕ್ ನೋಡಿ ಗೋಡೆ ಕಟ್ಟಿದರೆ ಅದರಾಚೆ ಇರುವುದು ಅವಳಿಗೆ ಮತ್ತೆ ಕಾಣುವುದೇ ಇಲ್ಲ, ಇಷ್ಟವಿತ್ತೋ ಇಲ್ಲವೋ ನಿಮಗೂ ತಿಳಿಯುವುದಿಲ್ಲ.

ಆದರೆ ಮೇಲಿನ ಮೂರನೇ ಸಾಲು ಮತ್ತೆ ನೋಡಿ. 0.12 ಇರುವ ಹೊಸಬ 0.284 ಇರುವ ಹಳಬನ ಮುಂದೆ ಯಾವಾಗಲೂ ಸೋಲುತ್ತಾನೆ. ತೋರಿಸದಿದ್ದರೆ ಲೈಕ್ ಬರದು, ಲೈಕ್ ಬರದಿದ್ದರೆ ತೋರಿಸುವುದಿಲ್ಲ. ಇದಕ್ಕೆ ಪುಸ್ತಕದ ಮದ್ದು ಥಾಮ್ಸನ್ ಸ್ಯಾಂಪ್ಲಿಂಗ್, 1933ರಷ್ಟು ಹಳೆಯದು. ಸರಾಸರಿಯ ಬದಲು ಅನಿಶ್ಚಿತತೆಯನ್ನೂ ಸೇರಿಸಿ ಪ್ರತಿ ಸಲ ಒಂದು ಚೀಟಿ ಎತ್ತುವುದು:

```python
import random

def draw(likes, views, m, k=20):
    a = likes + k * m
    b = views - likes + k * (1 - m)
    return random.betavariate(a, b)
```

ನೋಟ ಕಡಿಮೆ ಇದ್ದಷ್ಟೂ ಚೀಟಿಯ ಸಂಖ್ಯೆ ಹೆಚ್ಚು ಹೊಯ್ದಾಡುತ್ತದೆ, ಹೊಸಬನಿಗೆ ಆಗೊಮ್ಮೆ ಈಗೊಮ್ಮೆ ಮೇಲಿನ ಜಾಗ ಸಿಗುತ್ತದೆ. ಓಡಿಸಿ ನೋಡಿ: 200ಕ್ಕೆ 60 ಇರುವವನ ಎದುರು ಹೊಸಬ ಗೆಲ್ಲುವುದು ನೂರರಲ್ಲಿ ಕೆಲವೇ ಸಲ. ಅವನ ಮುಂದೆ ಅಂಥ ಹತ್ತು ಹಳಬರಿದ್ದರೆ ಸರದಿ ಬರುವುದೇ ಇಲ್ಲ. ಅದಕ್ಕೇ ಡೇಟಿಂಗ್ ಆಪ್‌ನಲ್ಲಿ ಚೀಟಿಯನ್ನಷ್ಟೇ ನಂಬಬಾರದು, ಹೊಸಬರಿಗೆ ಜಾಗ ಕಾದಿರಿಸಬೇಕು. ನನ್ನ ಮಟ್ಟಿಗೆ ಹತ್ತು ಕಾರ್ಡಿನಲ್ಲಿ ಆರು ಗುಣಲಬ್ಧ ಹೆಚ್ಚಿರುವವರು, ಇಬ್ಬರು 30 ನೋಟ ಇನ್ನೂ ಮುಟ್ಟದ ಹೊಸಬರು, ಇಬ್ಬರು ಈ ಬಳಕೆದಾರರು ಇದುವರೆಗೆ ನೋಡಿರದ ಬಗೆಯವರು. ಮೊದಲ ಮೂರು ಕಾರ್ಡ್ ಮಾತ್ರ ಗಟ್ಟಿ ಆರರಿಂದಲೇ ಬರಲಿ. ಆಪ್ ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಎಂದು ಜನ ತೀರ್ಮಾನಿಸುವುದು ಅಲ್ಲೇ.

ಕಾದಿರಿಸುವುದಾಗಿ ಹೇಳಿದ್ದು ಸುಲಭ, ಈಗ ಅದಕ್ಕೂ ಲೆಕ್ಕ ಹಾಕೋಣ, ಏಕೆಂದರೆ ನಿಮ್ಮ ಆಪ್‌ನ ನಿಜವಾದ ಗಂಟು ಇಲ್ಲಿದೆ ಎಂದು ನನಗನ್ನಿಸುತ್ತದೆ. ದಿನಕ್ಕೆ 200 ಹೊಸ ಗಂಡಸರು ಸೇರುತ್ತಾರೆ ಎನ್ನಿ. ಒಬ್ಬೊಬ್ಬರಿಗೂ 30 ನೋಟ ಖಾತ್ರಿ ಎಂದರೆ ದಿನಕ್ಕೆ 6000 ನೋಟ ಬೇಕು. ಆಪ್‌ಗೆ ದಿನವೂ ಬರುವ ಹೆಂಗಸರು 300, ತಲಾ 20 ಕಾರ್ಡ್ ನೋಡಿದರೆ ಒಟ್ಟು 6000. ಅಂದರೆ ಹೆಂಗಸರು ನೋಡುವ ಪ್ರತಿಯೊಂದು ಕಾರ್ಡೂ ಪರೀಕ್ಷೆಗಿಟ್ಟ ಹೊಸಬನದೇ! ಅವರ ಮಟ್ಟಿಗೆ ಆಪ್ ಹಾಳಾದಂತೆ. ಹತ್ತಕ್ಕೆ ಎರಡರ ನಿಯಮ ಪಾಲಿಸಿದರೆ ಹೊಸಬರಿಗೆ ಸಿಗುವುದು ದಿನಕ್ಕೆ 1200 ನೋಟ, 30ರಂತೆ ಹಂಚಿದರೆ 40 ಜನರಿಗೆ ಸಾಕು. ಉಳಿದ 160 ಜನ?

ಅವರನ್ನು ಒಳಗೆ ಬಿಟ್ಟು ಯಾರಿಗೂ ಕಾಣದ ಹಾಗೆ ಇಡುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಅವರು ನೂರು ಲೈಕ್ ಒತ್ತುತ್ತಾರೆ, ಒಂದೂ ತಿರುಗಿ ಬರುವುದಿಲ್ಲ. ಪ್ರಾಮಾಣಿಕ ದಾರಿ ಎಂದರೆ ಕಾಯುವ ಪಟ್ಟಿ: ಅದೇ ವಲಯದಲ್ಲಿ ಜಾಗ ಆದಾಗ ಕರೆಯುವುದು, ಎಷ್ಟು ದಿನ ಎಂದು ಪರದೆಯ ಮೇಲೇ ಹೇಳುವುದು. ಬೇಕಾದರೆ ಖಾತ್ರಿಯನ್ನು 30ರಿಂದ 15ಕ್ಕೆ ಇಳಿಸಬಹುದು, ಆಗ 80 ಜನ ಒಳಗೆ ಬರುತ್ತಾರೆ. ಆದರೆ ಲೈಕ್ ದರ 0.12 ಇರುವ ಕಡೆ 15 ನೋಟಕ್ಕೆ ಬರುವುದು ಸರಾಸರಿ ಎರಡು ಲೈಕ್‌ಗಿಂತ ಕಡಿಮೆ, ಏಳರಲ್ಲಿ ಒಬ್ಬರಿಗೆ ಒಂದೂ ಬಾರದಿರಬಹುದು. ಅಷ್ಟರಲ್ಲಿ ಒಂದು ಪ್ರೊಫೈಲಿನ ಬಗ್ಗೆ ಏನೂ ಕಲಿತಂತಾಗುವುದಿಲ್ಲ. ಇನ್ನು ನಕಲಿ ಪ್ರೊಫೈಲ್ ಹಾಕಿ ಖಾಲಿ ಜಾಗ ತುಂಬುವ ಯೋಚನೆ ಯಾರಾದರೂ ತಂದರೆ, 2015ರಲ್ಲಿ ಆಶ್ಲಿ ಮ್ಯಾಡಿಸನ್ ತಾಣದ ಡೇಟಾ ಸೋರಿಕೆಯಾದಾಗ ಅಂಥ ಪ್ರೊಫೈಲ್‌ಗಳ ಕಥೆ ಹೇಗೆ ಬಯಲಾಯಿತು ಎಂದು ಓದಲು ಹೇಳಿ.

ಮೇಲ್ಮಿತಿಯೂ ಬೇಕು. ಓದದ ಲೈಕ್ 25 ದಾಟಿದ ಪ್ರೊಫೈಲನ್ನು ಸಾಲಿನಲ್ಲಿ ಕೆಳಗಿಳಿಸಿ, ಅವರು ಪೆಟ್ಟಿಗೆ ಖಾಲಿ ಮಾಡಿದ ಮೇಲೆ ಮತ್ತೆ ಮೇಲಕ್ಕೆ ತನ್ನಿ. ಎರಡು ವಾರದಿಂದ ಆಪ್ ತೆರೆಯದವರನ್ನಂತೂ ತೋರಿಸಲೇಬೇಡಿ, ಎಷ್ಟೇ ಚೆನ್ನಾದ ಪ್ರೊಫೈಲ್ ಆಗಿರಲಿ. ಟಿಂಡರ್ ಹಿಂದೆ ಚೆಸ್ ಆಟಗಾರರಿಗೆ ಕೊಡುವಂಥ ಈಲೋ ಅಂಕವನ್ನು ಬಳಸುತ್ತಿತ್ತು; 2019ರಲ್ಲಿ ಅದು ಹಳೆಯ ಮಾತು, ಈಗ ಯಾರು ಸಕ್ರಿಯರಾಗಿದ್ದಾರೆ ಎಂಬುದೇ ಹೆಚ್ಚು ಮುಖ್ಯ ಎಂದು ತಾನೇ ಹೇಳಿತು. ನಿಮ್ಮಂಥ ಹೊಸ ಆಪ್‌ಗೆ ಈಲೋ ಬೇಡವೇ ಬೇಡ. ಅದು ನೆಲೆ ನಿಲ್ಲಲು ಹತ್ತಾರು ನೋಟ ಬೇಕು, ನಿಂತ ಮೇಲೂ ಎಲ್ಲರನ್ನೂ ಒಂದೇ ಏಣಿಯಲ್ಲಿ ಹತ್ತಿಸುತ್ತದೆ, ಯಾರಿಗೆ ಯಾರು ಎಂಬುದನ್ನು ಹೇಳುವುದಿಲ್ಲ.

ಬಂದ ಲೈಕ್‌ಗಳಲ್ಲೂ ಜೊಳ್ಳು ಇರುತ್ತದೆ, ಲೆಕ್ಕಕ್ಕೆ ಸೇರಿಸುವ ಮೊದಲು ಕೇರಬೇಕು. ಕಾರ್ಡ್ ಪರದೆಗೆ ಬಂದು ಒಂದು ಸೆಕೆಂಡಿನೊಳಗೆ ಒತ್ತಿದ್ದನ್ನು ನೋಡಿದ್ದೆಂದೇ ಎಣಿಸಬೇಡಿ. ಮೊದಲ 30 ಕಾರ್ಡಿನಲ್ಲಿ 27ಕ್ಕಿಂತ ಹೆಚ್ಚು ಲೈಕ್ ಮಾಡಿದವರ ಲೈಕ್ ಬಹುತೇಕ ಏನನ್ನೂ ಹೇಳದು, ಅದಕ್ಕೆ ಹತ್ತನೇ ಒಂದರಷ್ಟು ತೂಕ ಕೊಡಿ. ಸಾಲಿನ 18ನೇ ಕಾರ್ಡಿಗೆ ಬರುವ ಹೊತ್ತಿಗೆ ಬೆರಳು ದಣಿದಿರುತ್ತದೆ. ಅಲ್ಲಿ ಬಂದ ನಿರಾಕರಣೆಯನ್ನು ಎರಡನೇ ಕಾರ್ಡಿನದರ ಜೊತೆ ಹೋಲಿಸಿದರೆ ಪಾಪದ ಪ್ರೊಫೈಲಿಗೆ ಅನ್ಯಾಯ. ಕಾರ್ಡ್ ಎಷ್ಟನೇ ಜಾಗದಲ್ಲಿತ್ತು ಎಂಬುದನ್ನು ಮೊದಲ ದಿನದಿಂದಲೇ ದಾಖಲಿಸಿ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಮ್ಯಾಚ್ ಆಗಿ ಎರಡೂ ಕಡೆಯಿಂದ ಮೂರು ಮೂರು ಸಂದೇಶ ಹೋಗಿದ್ದರೆ ಅದು ಹತ್ತು ಲೈಕ್‌ಗಿಂತ ಬೆಲೆಯುಳ್ಳ ಸುಳಿವು, ಆದರೆ ಮೊದಲ ತಿಂಗಳು ಅಂಥವು ಬೆರಳೆಣಿಕೆ ಇರುತ್ತವೆ. ಅಷ್ಟರಿಂದ ದೊಡ್ಡ ಮಾಡೆಲ್ ಕಟ್ಟಲು ಹೋಗಬೇಡಿ.

ಸುಧಾರಿಸಿದೆಯೋ ಇಲ್ಲವೋ ತಿಳಿಯಲು ಒಟ್ಟು ಲೈಕ್ ನೋಡಬೇಡಿ, ಅದು ಸುಳ್ಳು ಹೇಳುತ್ತದೆ. ಸೇರಿದ ಏಳು ದಿನದೊಳಗೆ ಕನಿಷ್ಠ ಒಂದು ಮ್ಯಾಚ್ ಸಿಕ್ಕ ಹೊಸಬರು ನೂರಕ್ಕೆ ಎಷ್ಟು, ಗಂಡಸರು ಹೆಂಗಸರು ಬೇರೆ ಬೇರೆಯಾಗಿ. ಜೊತೆಗೆ, ಒಟ್ಟು ನೋಟಗಳಲ್ಲಿ ಮೇಲಿನ ಹತ್ತನೇ ಒಂದು ಭಾಗದ ಪ್ರೊಫೈಲ್‌ಗಳು ಎಷ್ಟು ಪಾಲು ನುಂಗಿದವು. ಮೊದಲನೆಯದು ನಿಂತಲ್ಲೇ ನಿಂತು ಎರಡನೆಯದು ಏರುತ್ತಿದ್ದರೆ ನಿಮ್ಮ ಸಾಲು ಜನಪ್ರಿಯರ ಕಡೆ ಜಾರುತ್ತಿದೆ ಎಂದರ್ಥ.

ಒಂದು ಎಚ್ಚರ. ಅರ್ಧ ಬಳಕೆದಾರರಿಗೆ ಹಳೆಯ ಸಾಲು, ಅರ್ಧಕ್ಕೆ ಹೊಸದು ಎಂಬ ಮಾಮೂಲಿ ಎ/ಬಿ ಪರೀಕ್ಷೆ ಇಲ್ಲಿ ನಡೆಯದು. ಹೊಸ ಸಾಲಿನ ಹುಡುಗರಿಗೆ ಒಳ್ಳೆಯ ಜೋಡಿ ಸಿಕ್ಕರೆ ಅವರು ಮಾತಾಡುವುದು ಹಳೆಯ ಸಾಲಿನವರೂ ನೋಡುತ್ತಿದ್ದ ಅದೇ ಹೆಂಗಸರ ಜೊತೆ. ಒಂದು ಕಡೆಯ ಲಾಭ ಇನ್ನೊಂದು ಕಡೆಯ ನಷ್ಟವಾಗಿ ಕಂಡು ವ್ಯತ್ಯಾಸ ಇದ್ದದ್ದಕ್ಕಿಂತ ದೊಡ್ಡದಾಗಿ ತೋರುತ್ತದೆ. ಬೆಂಗಳೂರಿಗೆ ಒಂದು, ಮೈಸೂರಿಗೆ ಇನ್ನೊಂದು ಎಂದು ಹಂಚಿದರೆ ಊರುಗಳೇ ಬೇರೆ. ಒಂದೇ ಊರಿನಲ್ಲಿ ವಾರ ಬಿಟ್ಟು ವಾರ ಬದಲಿಸಿ, ಕನಿಷ್ಠ ಆರು ವಾರ. ಸೋಮವಾರದಿಂದ ಭಾನುವಾರದವರೆಗೆ ಪೂರ್ತಿ ವಾರವೇ ಇರಲಿ. ಭಾನುವಾರ ಸಂಜೆಯ ಬಳಕೆಯನ್ನು ಮಂಗಳವಾರದ ಜೊತೆ ಹೋಲಿಸಿದರೆ ನಿಮಗೆ ಕಾಣುವುದು ವಾರದ ಏರಿಳಿತ, ನಿಮ್ಮ ಅಲ್ಗಾರಿದಂ ಅಲ್ಲ. ವಾರದ ಕೊನೆಯಲ್ಲಿ ಸೇರಿದವರ ಏಳು ದಿನ ಮುಂದಿನ ವಾರಕ್ಕೆ ಚಾಚುತ್ತದಾದ್ದರಿಂದ, ಸೋಮವಾರ ಮಂಗಳವಾರ ಸೇರಿದವರನ್ನು ಮಾತ್ರ ಎಣಿಸಿ, ಅವರ ಐದು ದಿನದ ಮ್ಯಾಚ್ ನೋಡಿ.